ಪೊಟ್ಟಣದ ಹಿಂಬದಿಯ ಲೆಕ್ಕ: ಗ್ರಾಂಗಳಿಂದ ಕಿಲೋಕ್ಯಾಲೊರಿಗೆ

(ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬೋರ್ಡಿನ ಮೇಲೆ ಒಂದು ಪಟ್ಟಿ ಬರೆದಿದ್ದೇನೆ, ಮೊದಲು ಅದನ್ನು ನೋಡಿಬಿಡಿ. ಇದು ಯಾವ ಕಂಪನಿಯದೂ ಅಲ್ಲ. ಇವತ್ತಿನ ಮಾತಿಗೆಂದು ನಾನೇ ಕಟ್ಟಿದ ಖಾರದ ಮಿಕ್ಸ್ಚರ್ ಪೊಟ್ಟಣ. ನಿವ್ವಳ ತೂಕ 150 ಗ್ರಾಂ, ಒಂದು ಸರ್ವಿಂಗ್ ಅಂದರೆ 30 ಗ್ರಾಂ. ಕೆಳಗಿನ ಅಂಕಿಗಳು 100 ಗ್ರಾಂಗೆ.

ಪ್ರೋಟೀನ್ 14 ಗ್ರಾಂ
ಕಾರ್ಬೋಹೈಡ್ರೇಟ್ 46 ಗ್ರಾಂ
ಒಟ್ಟು ಸಕ್ಕರೆ 3 ಗ್ರಾಂ
ನಾರಿನಂಶ 8 ಗ್ರಾಂ
ಒಟ್ಟು ಕೊಬ್ಬು 34 ಗ್ರಾಂ
ಸ್ಯಾಚುರೇಟೆಡ್ ಕೊಬ್ಬು 12 ಗ್ರಾಂ
ಸೋಡಿಯಂ 800 ಮಿಲಿಗ್ರಾಂ

ಶಕ್ತಿಯ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಪ್ರಶ್ನೆ ಇಷ್ಟೇ: ಒಂದು ಸರ್ವಿಂಗಿನಿಂದ ಎಷ್ಟು ಶಕ್ತಿ ಸಿಗುತ್ತದೆ?

ಸೂತ್ರ ನಿಮಗೆಲ್ಲ ಬಾಯಿಪಾಠ. ಪ್ರೋಟೀನಿನ ಪ್ರತಿ ಗ್ರಾಂಗೆ 4 ಕಿಲೋಕ್ಯಾಲೊರಿ, ಕಾರ್ಬೋಹೈಡ್ರೇಟಿಗೂ 4, ಕೊಬ್ಬಿಗೆ 9. ಗುಣಿಸು, ಕೂಡು, ಮುಗಿಯಿತು. ಗುಣಾಕಾರದಲ್ಲಿ ಮಕ್ಕಳು ಎಡವುವುದು ಕಡಿಮೆ. ಅವರು ಎಡವುವುದು ಪಟ್ಟಿ ಓದುವಲ್ಲಿ, ಅಂದರೆ ಯಾವ ಸಾಲು ಯಾವ ಸಾಲಿನ ಒಳಗಿದೆ ಎಂಬುದರಲ್ಲಿ. ನನ್ನ ಇವತ್ತಿನ ಮಾತೆಲ್ಲ ಬಹುಪಾಲು ಅದರ ಮೇಲೆಯೇ.

ಮೊದಲು ಸುಲಭದ ದಾರಿಯಲ್ಲಿ ಹೋಗೋಣ. 30 ಗ್ರಾಂ ಎಂದರೆ 100ರ ಹತ್ತರಲ್ಲಿ ಮೂರು ಪಾಲು. ಪ್ರೋಟೀನ್ 4.2 ಗ್ರಾಂ, ನಾಲ್ಕರಿಂದ ಗುಣಿಸಿದರೆ 16.8. ಕಾರ್ಬೋಹೈಡ್ರೇಟ್ 13.8 ಗ್ರಾಂ, ಅದಕ್ಕೆ 55.2. ಕೊಬ್ಬು 10.2 ಗ್ರಾಂ, ಒಂಬತ್ತರಿಂದ ಗುಣಿಸಿದರೆ 91.8. ಮೂರನ್ನೂ ಕೂಡಿದರೆ 163.8, ಅಂದರೆ ಸುಮಾರು 164 ಕಿಲೋಕ್ಯಾಲೊರಿ. ಇದೇ ಲೆಕ್ಕವನ್ನು 100 ಗ್ರಾಂಗೆ ಮಾಡಿದರೆ 56, 184, 306, ಒಟ್ಟು 546. ಅದರಲ್ಲಿ ಹತ್ತರಲ್ಲಿ ಮೂರು ಪಾಲು ತೆಗೆದರೆ ಮತ್ತೆ ಅದೇ 163.8. ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ. ದಶಮಾಂಶಗಳು ಕೊನೆಯಲ್ಲಿ ಒಂದೇ ಸಲ ಬರುತ್ತವೆ, ಮೇಲಾಗಿ ನಮ್ಮಲ್ಲಿ ಪೊಟ್ಟಣದ ಅಂಕಿಗಳು ಸಾಮಾನ್ಯವಾಗಿ 100 ಗ್ರಾಂ ಲೆಕ್ಕದಲ್ಲೇ ಇರುತ್ತವೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ಪೋಷಕಾಂಶಗಳನ್ನು 100 ಗ್ರಾಂ ಅಥವಾ 100 ಮಿಲಿಲೀಟರಿಗೆ ಕೊಡಬೇಕು. ದಿನದ ಅಗತ್ಯದಲ್ಲಿ ಶೇಕಡಾ ಎಷ್ಟು ಎಂಬುದನ್ನು ಮಾತ್ರ ಸರ್ವಿಂಗಿಗೆ ಕೊಡಬೇಕು. ಒಂದೇ ಪಟ್ಟಿಯಲ್ಲಿ ಎರಡು ಅಳತೆ! ಮಗು 546 ಎಂದು ಬರೆದು ಪೆನ್ನು ಕೆಳಗಿಟ್ಟಿತೆಂದರೆ ಅದಕ್ಕೆ ಲೆಕ್ಕ ಗೊತ್ತಿಲ್ಲ ಎಂದಲ್ಲ, ಯಾವ ಕಂಬಸಾಲು ಯಾವುದರದ್ದು ಎಂದು ನೋಡಿಲ್ಲ ಅಷ್ಟೆ.

ಈಗ ಸಕ್ಕರೆಯ ಸಾಲು. 3 ಗ್ರಾಂ ಸಕ್ಕರೆಗೆ 12, 12 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿಗೆ 108 ಎಂದು ಸೇರಿಸಿ 666 ಎಂದು ಉತ್ತರ ಬರೆದ ಹಾಳೆಗಳು ನಿಮ್ಮ ಕೈಗೂ ಬಂದಿರುತ್ತವೆ. ಸಕ್ಕರೆ ಕಾರ್ಬೋಹೈಡ್ರೇಟಿನ ಒಳಗಿನದು, ಸ್ಯಾಚುರೇಟೆಡ್ ಕೊಬ್ಬು ಒಟ್ಟು ಕೊಬ್ಬಿನ ಒಳಗಿನದು ಎಂದು ನಾವು ಹೇಳುತ್ತೇವೆ, ಮಕ್ಕಳು ತಲೆಯಾಡಿಸುತ್ತಾರೆ, ಮುಂದಿನ ಪರೀಕ್ಷೆಯಲ್ಲಿ ಮತ್ತೆ ಕೂಡುತ್ತಾರೆ. ಹೇಳುವುದರ ಬದಲು ತೂಕ ಕೂಡಿಸಿ ನೋಡಲು ಕಲಿಸಿ. 14, 46, 34, ಜೊತೆಗೆ 3, 12. ಒಟ್ಟು 109 ಗ್ರಾಂ. ನೂರು ಗ್ರಾಂ ಮಿಕ್ಸ್ಚರಿನಲ್ಲಿ ನೂರ ಒಂಬತ್ತು ಗ್ರಾಂ ಸರಕು ಇರಲು ಸಾಧ್ಯವೇ? ಇಲ್ಲ. ಹಾಗಾದರೆ ಯಾವುದೋ ಒಂದನ್ನು ಎರಡು ಸಲ ಎಣಿಸಿದ್ದೇವೆ. ಇದು ಮಕ್ಕಳಿಗೆ ತಕ್ಷಣ ತಟ್ಟುತ್ತದೆ.

ಇದೇ ತೂಕದ ಪರೀಕ್ಷೆಯನ್ನು ನಾರಿನ ಸಾಲಿಗೆ ಹಚ್ಚಿ. ನಿಜವಾದ ಗಂಟು ಇರುವುದು ಅಲ್ಲೇ. ನಾರು 46ರ ಒಳಗಿದೆಯೋ, ಹೊರಗಿದೆಯೋ? ಹೊರಗಿದೆ ಎಂದುಕೊಳ್ಳಿ. 14, 46, 34, 8 ಕೂಡಿದರೆ 102. ಆಗದ ಮಾತು. ಜೊತೆಗೆ ಉಪ್ಪಿಗೂ ಒಂದಿಷ್ಟು ತೇವಕ್ಕೂ ಜಾಗ ಬೇಕು. ಆದ್ದರಿಂದ ಈ ಪೊಟ್ಟಣದಲ್ಲಿ ನಾರು ಕಾರ್ಬೋಹೈಡ್ರೇಟಿನ ಒಳಗೇ ಇದೆ. ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಪಟ್ಟಿಯೇ ಹೇಳಿತು.

ಇಂಥ ಗೊಂದಲ ಬರುವುದಾದರೂ ಯಾಕೆ ಎಂದು ಕೇಳಬಹುದು. ಕಾರಣ ಪ್ರಯೋಗಾಲಯದಲ್ಲಿದೆ. ಆಹಾರದ ಮಾದರಿ ಪ್ರಯೋಗಾಲಯಕ್ಕೆ ಹೋದಾಗ ಒಂದಿಷ್ಟನ್ನು ಓವನ್‌ನಲ್ಲಿ ಒಣಗಿಸಿ ತೇವ ಎಷ್ಟೆಂದು ತೂಗುತ್ತಾರೆ. ಕುಲುಮೆಯಲ್ಲಿ ಸುಟ್ಟು ಬೂದಿ ಎಷ್ಟೆಂದು ತೂಗುತ್ತಾರೆ. ಉಪ್ಪು, ಖನಿಜ ಎಲ್ಲ ಆ ಬೂದಿಯ ಲೆಕ್ಕ. ದ್ರಾವಕದಲ್ಲಿ ಕೊಬ್ಬನ್ನು ಕರಗಿಸಿ ತೆಗೆಯುತ್ತಾರೆ. ಪ್ರೋಟೀನಿಗೆ ಸಾರಜನಕ ಅಳೆದು ಸಾಮಾನ್ಯವಾಗಿ 6.25ರಿಂದ ಗುಣಿಸುತ್ತಾರೆ. ಹಾಗಾದರೆ ಕಾರ್ಬೋಹೈಡ್ರೇಟ್? ಅದನ್ನು ಬಹುತೇಕ ಯಾರೂ ನೇರವಾಗಿ ಅಳೆಯುವುದಿಲ್ಲ. ನೂರರಿಂದ ಉಳಿದ ನಾಲ್ಕನ್ನೂ ಕಳೆದರೆ ಮಿಕ್ಕಿದ್ದೇ ಕಾರ್ಬೋಹೈಡ್ರೇಟ್. ನಮ್ಮ ಮಿಕ್ಸ್ಚರಿನಲ್ಲಿ ತೇವ 3, ಬೂದಿ 3, ಪ್ರೋಟೀನ್ 14, ಕೊಬ್ಬು 34, ಒಟ್ಟು 54. ಮಿಕ್ಕಿದ್ದು 46. ಸೋಡಿಯಂ 800 ಮಿಲಿಗ್ರಾಂ ಎಂದರೆ ಉಪ್ಪು ಸುಮಾರು 2 ಗ್ರಾಂ, ಆ 3 ಗ್ರಾಂ ಬೂದಿಯ ಬಹುಪಾಲು ಅದೇ.

ನಾರನ್ನು ಬೇರೆಯಾಗಿ ಅಳೆದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ 46ರಿಂದ 8 ಕಳೆದು 38 ಎಂದೂ ಅಚ್ಚು ಹಾಕಬಹುದು, ಕಳೆಯದೆ 46 ಎಂದೇ ಬಿಡಲೂಬಹುದು. ಅಮೆರಿಕದ ಪೊಟ್ಟಣಗಳಲ್ಲಿ ಒಟ್ಟು ಕಾರ್ಬೋಹೈಡ್ರೇಟಿನ ಒಳಗೆ ನಾರು ಸೇರಿರುತ್ತದೆ, ಅದಕ್ಕೇ ಅಲ್ಲಿ ನಾರಿನ ಸಾಲನ್ನು ಸ್ವಲ್ಪ ಒಳಕ್ಕೆ ತಳ್ಳಿ ಅಚ್ಚು ಹಾಕಿರುತ್ತಾರೆ. ಯುರೋಪಿನ ಪೊಟ್ಟಣದಲ್ಲಿ ಕಾರ್ಬೋಹೈಡ್ರೇಟ್ ಎಂದರೆ ನಾರು ಕಳೆದದ್ದು, ನಾರಿಗೆ ಪ್ರತ್ಯೇಕ ಸಾಲು. ಅಮೆರಿಕದ ಅಣ್ಣ ಒಂದು ಓಟ್ಸ್ ಡಬ್ಬ, ಲಂಡನ್ನಿನ ತಂಗಿ ಇನ್ನೊಂದು ಡಬ್ಬ ತಂದು ಮೇಜಿನ ಮೇಲಿಟ್ಟರೆ, ಒಳಗಿನ ಓಟ್ಸ್ ಒಂದೇ ಆಗಿದ್ದರೂ ಕಾರ್ಬೋಹೈಡ್ರೇಟಿನ ಅಂಕಿ ಬೇರೆ ಇರುತ್ತದೆ. ಹೊರದೇಶದ ಪಠ್ಯದಿಂದ ಎತ್ತಿದ ಪ್ರಶ್ನೆಯನ್ನು ನಮ್ಮ ಮಕ್ಕಳಿಗೆ ಕೊಡುವಾಗ ಇದನ್ನು ಗಮನಿಸಬೇಕು.

ನಾರು ಒಳಗಿದೆ ಎಂದು ಗೊತ್ತಾಯಿತು. ಈಗ ಅದಕ್ಕೆ ಎಷ್ಟು ಶಕ್ತಿ ಕೊಡಬೇಕು? ನಮ್ಮ ಸಣ್ಣ ಕರುಳು ನಾರನ್ನು ಜೀರ್ಣಿಸುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಂದು ಪಾಲನ್ನು ಹುಳಿಸಿ ಸಣ್ಣ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ, ಅವು ನಮಗೆ ದಕ್ಕುತ್ತವೆ. ಎಲ್ಲ ಬಗೆಯ ನಾರಿಗೂ ಸೇರಿಸಿ ಸರಾಸರಿಯಾಗಿ ಗ್ರಾಂಗೆ 2 ಕಿಲೋಕ್ಯಾಲೊರಿ ಎಂದು ಹಿಡಿಯುತ್ತಾರೆ. ಹಾಗಾದರೆ 38 ಗ್ರಾಂ ಜೀರ್ಣವಾಗುವ ಕಾರ್ಬೋಹೈಡ್ರೇಟಿಗೆ 152, 8 ಗ್ರಾಂ ನಾರಿಗೆ 16, ಎರಡೂ ಸೇರಿ 168. ಪ್ರೋಟೀನಿನ 56, ಕೊಬ್ಬಿನ 306 ಸೇರಿಸಿದರೆ 530. ಸರ್ವಿಂಗಿಗೆ 159.

164 ಸರಿಯೋ, 159 ಸರಿಯೋ? ಪ್ರಶ್ನೆಯಲ್ಲಿ 4, 9, 4 ಎಂದಷ್ಟೇ ಕೊಟ್ಟಿದ್ದರೆ 164. ನಾರಿಗೆ 2 ಎಂದೂ ಕೊಟ್ಟಿದ್ದರೆ 159. ಏನೂ ಕೊಡದೆ ನಾರಿನ ಸಾಲನ್ನು ಮಾತ್ರ ಪಟ್ಟಿಯಲ್ಲಿ ಇಟ್ಟಿದ್ದರೆ ಅದು ಪ್ರಶ್ನೆ ತೆಗೆದವರ ತಪ್ಪು. ಯಾವ ದಾರಿ ಹಿಡಿದೆ ಎಂದು ಒಂದು ಸಾಲಿನಲ್ಲಿ ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಆಮೇಲೆ ಚಹಾದ ಹೊತ್ತಿನಲ್ಲಿ ಜಗಳವಾಡಬಹುದು.

ತೂಕದ ಪರೀಕ್ಷೆ ಎಲ್ಲ ಕಡೆಯೂ ಕೈ ಹಿಡಿಯುವುದಿಲ್ಲ, ಅದನ್ನೂ ಹೇಳಬೇಕು. ಮಿಕ್ಸ್ಚರ್ ಒಣ ಪದಾರ್ಥ, ಅದಕ್ಕೇ ನೂರರ ಗೆರೆ ಬೇಗ ದಾಟಿತು. ಬ್ರೆಡ್ ತೆಗೆದುಕೊಳ್ಳಿ. 100 ಗ್ರಾಂಗೆ ಪ್ರೋಟೀನ್ 8.0, ಕಾರ್ಬೋಹೈಡ್ರೇಟ್ 50.0, ಕೊಬ್ಬು 3.0, ನಾರು 4.0 ಎಂದಿರಲಿ. ನಾರು ಸೇರಿಸಿ ಕೂಡಿದರೆ 65, ಬಿಟ್ಟು ಕೂಡಿದರೆ 61. ಉಳಿದದ್ದು ನೀರು, ಬೂದಿ. ಎರಡೂ ನಂಬುವಂಥವೇ. ಆಗ ತೂಕ ಬಾಯಿ ಬಿಡುವುದಿಲ್ಲ, ಅಚ್ಚಾದ ಶಕ್ತಿಯ ಅಂಕಿಯಿಂದ ಹಿಂದಕ್ಕೆ ಬರಬೇಕು. ನಾರನ್ನು ಲೆಕ್ಕಿಸದೆ 4, 9, 4 ಮಾಡಿದರೆ 32, 200, 27, ಒಟ್ಟು 259. ನಾರು 50ರ ಒಳಗಿದ್ದು ಗ್ರಾಂಗೆ 2 ಹಿಡಿದಿದ್ದರೆ 8 ಕಡಿಮೆ, 251. ನಾರು ಹೊರಗಿದ್ದು ಅದಕ್ಕೆ 2 ಸೇರಿಸಿದ್ದರೆ 8 ಹೆಚ್ಚು, 267. ಪೊಟ್ಟಣದ ಮೇಲೆ ಯಾವುದು ಅಚ್ಚಾಗಿದೆಯೋ ಅದೇ ತಯಾರಕರು ಹಿಡಿದ ದಾರಿ. ಮನೆಯಿಂದ ತಂದ ಬ್ರೆಡ್ ಕವರನ್ನು ಹೀಗೆ ಪತ್ತೆ ಹಚ್ಚಲು ಕೊಟ್ಟರೆ ಒಂಬತ್ತನೇ ತರಗತಿಯವರು ತುಂಬಾ ಉತ್ಸಾಹದಿಂದ ಮಾಡುತ್ತಾರೆ.

ಆದರೆ ಇಲ್ಲಿ ಒಂದು ತೊಡಕಿದೆ. ನಾವು ಕಂಡ ವ್ಯತ್ಯಾಸ ನಾರಿನಿಂದ ಬಂದದ್ದೋ, ಅಥವಾ ಅಂಕಿಗಳನ್ನು ಪೂರ್ಣಾಂಕಕ್ಕೆ ತಿರುಗಿಸಿದ್ದರಿಂದ ಬಂದದ್ದೋ? ಪಟ್ಟಿಯಲ್ಲಿ 8 ಗ್ರಾಂ ಎಂದಿದ್ದರೆ ನಿಜ 7.5ರಿಂದ 8.5ರೊಳಗೆ ಎಲ್ಲೋ ಇರುತ್ತದೆ. ಅರ್ಧ ಗ್ರಾಂ ಪ್ರೋಟೀನಿಗೆ 2, ಅರ್ಧ ಗ್ರಾಂ ಕಾರ್ಬೋಹೈಡ್ರೇಟಿಗೆ 2, ಅರ್ಧ ಗ್ರಾಂ ಕೊಬ್ಬಿಗೆ 4.5. ಮೂರೂ ಒಂದೇ ಕಡೆಗೆ ವಾಲಿದರೆ 8.5 ಕಿಲೋಕ್ಯಾಲೊರಿ. ಅಂದರೆ ಪೂರ್ಣಾಂಕದ ಗ್ರಾಂ ಕೊಟ್ಟ ಪಟ್ಟಿಯಲ್ಲಿ ನಿಮ್ಮ ಉತ್ತರಕ್ಕೂ ಅಚ್ಚಾದ ಅಂಕಿಗೂ ಏಳೆಂಟರ ವ್ಯತ್ಯಾಸ ಬಂದರೆ ಏನನ್ನೂ ತೀರ್ಮಾನಿಸಲಾಗದು. ಅದಕ್ಕೇ ಬ್ರೆಡ್ಡಿನ ಅಂಕಿಗಳಿಗೆ ಒಂದು ದಶಮಾಂಶ ಸ್ಥಾನ ಬರೆದೆ. ಆಗ ಈ ಅಲುಗಾಟ ಹತ್ತನೇ ಒಂದಕ್ಕೆ ಇಳಿಯುತ್ತದೆ, ಒಂದು ಕಿಲೋಕ್ಯಾಲೊರಿಯೂ ಆಗುವುದಿಲ್ಲ. 251 ಮತ್ತು 259 ಬೇರೆ ಬೇರೆಯಾಗಿ ನಿಲ್ಲುತ್ತವೆ.

ಅಮೆರಿಕದ ಲೇಬಲಿನಲ್ಲಿ ಈ ಅಲುಗಾಟ ಇನ್ನೂ ಒಂದು ಪದರ ಹೆಚ್ಚು. ಅಲ್ಲಿ 50 ಕಿಲೋಕ್ಯಾಲೊರಿವರೆಗೆ ಹತ್ತಿರದ ಐದಕ್ಕೆ, ಅದರ ಮೇಲೆ ಹತ್ತಿರದ ಹತ್ತಕ್ಕೆ ತಿರುಗಿಸುತ್ತಾರೆ. ಐದಕ್ಕಿಂತ ಕಡಿಮೆಯಿದ್ದರೆ ಸೊನ್ನೆ ಎಂದೇ ಬರೆಯಬಹುದು. ಕೊಬ್ಬು 3, ಕಾರ್ಬೋಹೈಡ್ರೇಟ್ 11, ಪ್ರೋಟೀನ್ 2 ಗ್ರಾಂ ಇರುವ ಸರ್ವಿಂಗಿಗೆ ನಿಮ್ಮ ಲೆಕ್ಕ 79 ಬರುತ್ತದೆ, ಪೊಟ್ಟಣದ ಮೇಲೆ 80 ಇರುತ್ತದೆ. ಯಾರೂ ಮೋಸ ಮಾಡಿಲ್ಲ. ವ್ಯತ್ಯಾಸ ಇಪ್ಪತ್ತು ಮೂವತ್ತಕ್ಕೆ ಹೋದರೆ ಮಾತ್ರ ಹುಡುಕಬೇಕು. ಅಚ್ಚಾದದ್ದು ನಿಮ್ಮ ಉತ್ತರಕ್ಕಿಂತ ಕಡಿಮೆಯಿದ್ದರೆ ನಾರು ನೋಡಿ, ‘ಶುಗರ್ ಫ್ರೀ’ ತಿನಿಸಾದರೆ ಸಕ್ಕರೆಯ ಬದಲಿಗೆ ಹಾಕುವ ಮಾಲ್ಟಿಟಾಲ್, ಸಾರ್ಬಿಟಾಲ್‌ನಂಥ ಪಾಲಿಯಾಲ್‌ಗಳನ್ನು ನೋಡಿ. ಯುರೋಪಿನ ನಿಯಮದಲ್ಲಿ ಪಾಲಿಯಾಲ್‌ಗೆ ಗ್ರಾಂಗೆ 4 ಅಲ್ಲ, 2.4. ಅಚ್ಚಾದದ್ದು ಹೆಚ್ಚಿದ್ದರೆ, ಅದು ಪಾನೀಯವಾದರೆ, ಆಲ್ಕೋಹಾಲ್ ಇದೆಯೇ ನೋಡಿ. ಅದಕ್ಕೆ ಗ್ರಾಂಗೆ 7, ಆದರೆ ಮೂರು ಸಾಲುಗಳಲ್ಲಿ ಎಲ್ಲೂ ಅದು ಕಾಣುವುದಿಲ್ಲ.

ಈ 4, 9, 4 ಎಲ್ಲಿಂದ ಬಂತು ಎಂದು ಯಾರಾದರೂ ಜಾಣ ಹುಡುಗಿ ಕೇಳೇ ಕೇಳುತ್ತಾಳೆ. ಉತ್ತರ ಸಿದ್ಧವಿರಲಿ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ವಿಲ್ಬರ್ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞ ತನ್ನ ಸಂಗಡಿಗರೊಂದಿಗೆ ಆಹಾರವನ್ನು ಸುಟ್ಟು ಶಾಖ ಅಳೆದ. ಜನರನ್ನು ಮುಚ್ಚಿದ ಕೋಣೆಯೊಂದರಲ್ಲಿ ದಿನಗಟ್ಟಲೆ ಇರಿಸಿ, ಅವರು ತಿಂದದ್ದು, ಹೊರಹಾಕಿದ್ದು, ಬಿಟ್ಟ ಶಾಖ ಎಲ್ಲವನ್ನೂ ಅಳೆದ. ಪ್ರೋಟೀನನ್ನು ಪೂರ್ತಿ ಸುಟ್ಟರೆ ಗ್ರಾಂಗೆ ಸುಮಾರು 5.65 ಕಿಲೋಕ್ಯಾಲೊರಿ ಬರುತ್ತದೆ. ಆದರೆ ದೇಹ ಅದನ್ನು ಪೂರ್ತಿ ಸುಡುವುದಿಲ್ಲ. ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೋಗುವಾಗ ತನ್ನ ಜೊತೆ 1.25ರಷ್ಟು ಶಕ್ತಿಯನ್ನೂ ಒಯ್ಯುತ್ತದೆ. ಉಳಿದದ್ದು 4.4. ಅದರಲ್ಲೂ ಜೀರ್ಣವಾಗಿ ದಕ್ಕುವುದು ಶೇ 92. ಗುಣಿಸಿ ನೋಡಿ, 4ಕ್ಕೆ ಬಂದು ನಿಂತಿತು. ಕೊಬ್ಬು 9.4, ದಕ್ಕುವುದು ಶೇ 95, ಸುಮಾರು 9. ಕಾರ್ಬೋಹೈಡ್ರೇಟಿಗೆ ಸುಟ್ಟಾಗ ಬರುವುದೇ ನಾಲ್ಕಕ್ಕಿಂತ ಒಂದು ಚೂರು ಹೆಚ್ಚು, ದಕ್ಕುವಾಗ 4. ಅಂದರೆ ಈ ಮೂರು ಅಂಕಿಗಳೂ ಮಿಶ್ರ ಊಟದ ಸರಾಸರಿಗಳು. ಒಂದೊಂದು ಪದಾರ್ಥಕ್ಕೆ ಪ್ರತ್ಯೇಕವಾಗಿ ಅಳೆದವಲ್ಲ.

ಕಿಲೋಜೂಲ್ ಕೇಳುವ ಪ್ರಶ್ನೆಗಳೂ ಬರುತ್ತವೆ. 530ನ್ನು 4.184ರಿಂದ ಗುಣಿಸಿದರೆ ಸುಮಾರು 2218. ನೇರವಾಗಿ ಕಿಲೋಜೂಲ್ ಅಂಕಿಗಳನ್ನೇ ಹಿಡಿದು, ಅಂದರೆ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟಿಗೆ 17, ಕೊಬ್ಬಿಗೆ 37, ನಾರಿಗೆ 8 ಹಿಡಿದು ಮಾಡಿದರೆ 2206. ಹನ್ನೆರಡರ ಈ ವ್ಯತ್ಯಾಸಕ್ಕೆ ಕಾರಣ 17, 37, 8 ಎಂಬ ಅಂಕಿಗಳನ್ನೂ ಪೂರ್ಣಾಂಕಕ್ಕೆ ತಿರುಗಿಸಿರುವುದೇ. ಎರಡೂ ಒಪ್ಪತಕ್ಕವೇ.

ಇನ್ನೊಂದು ಬಗೆಯ ಪ್ರಶ್ನೆ, ನನಗೆ ತುಂಬಾ ಇಷ್ಟವಾದದ್ದು: ಒಂದು ಸಾಲು ಅಳಿಸಿಹೋಗಿದೆ, ಅದನ್ನು ಹುಡುಕಿ. ಶಕ್ತಿ 120, ಪ್ರೋಟೀನ್ 3, ಕಾರ್ಬೋಹೈಡ್ರೇಟ್ 18, ಕೊಬ್ಬು ಎಷ್ಟು? 12 ಮತ್ತು 72 ಕಳೆದರೆ 36 ಉಳಿಯಿತು. ಒಂಬತ್ತರಿಂದ ಭಾಗಿಸಿದರೆ 4 ಗ್ರಾಂ. ಇಲ್ಲಿ ನಾಲ್ಕರಿಂದ ಭಾಗಿಸಿ 9 ಎಂದು ಬರೆಯುವವರು ಇದ್ದೇ ಇರುತ್ತಾರೆ.

ಹಾಗೆಯೇ ‘ಶೇಕಡಾ ಎಷ್ಟು ಕೊಬ್ಬು’ ಎಂಬ ಪ್ರಶ್ನೆ. ನಮ್ಮ ಮಿಕ್ಸ್ಚರಿನ ತೂಕದಲ್ಲಿ ಕೊಬ್ಬು ಶೇ 34. ಶಕ್ತಿಯಲ್ಲಿ 530ರಲ್ಲಿ 306, ಅಂದರೆ ಶೇ 58ರ ಹತ್ತಿರ. ದಿನದ ಅಗತ್ಯದ ಲೆಕ್ಕದಲ್ಲಿ ಇನ್ನೊಂದು. ನಮ್ಮ ಲೇಬಲಿಗೆ ಹಿಡಿಯುವ ಅಂಕಿಗಳು 2000 ಕಿಲೋಕ್ಯಾಲೊರಿ ಮತ್ತು 67 ಗ್ರಾಂ ಕೊಬ್ಬು. ಒಂದು ಸರ್ವಿಂಗಿನ 159 ಕಿಲೋಕ್ಯಾಲೊರಿ ದಿನದ ಶಕ್ತಿಯ ಶೇ 8, ಅದೇ ಸರ್ವಿಂಗಿನ 10.2 ಗ್ರಾಂ ಕೊಬ್ಬು ದಿನದ ಕೊಬ್ಬಿನ ಶೇ 15. ಮೂರು ಶೇಕಡಾವಾರುಗಳೂ ಸರಿ, ಯಾವುದನ್ನು ಕೇಳಿದ್ದಾರೆ ಎಂದು ಮೊದಲು ಓದಬೇಕು. ಇಷ್ಟಕ್ಕೂ ಕಾಫಿಯ ಜೊತೆ 30 ಗ್ರಾಂ ಎಣಿಸಿ ತಿನ್ನುವವರು ಯಾರು? 150 ಗ್ರಾಂ ಪೊಟ್ಟಣ ಖಾಲಿಯಾದರೆ 795 ಕಿಲೋಕ್ಯಾಲೊರಿ.

ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಮೇಡಂ ಒಬ್ಬರು ಕೇಳಿದರು: “ಸರ್, ಸರಾಸರಿ ಅಂದಿರಲ್ಲ, ಅದು ತೀರಾ ತಪ್ಪಾಗುವ ಪದಾರ್ಥ ಯಾವುದಾದರೂ ಇದೆಯಾ?”

ಇದೆ ಮೇಡಂ, ಬಾದಾಮಿ. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದ ಸಂಶೋಧಕರು ಸ್ವಯಂಸೇವಕರಿಗೆ ಬಾದಾಮಿ ತಿನ್ನಿಸಿ, ದೇಹಕ್ಕೆ ದಕ್ಕದೆ ಹೊರಬಂದದ್ದನ್ನು ಅಳೆದು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. 28 ಗ್ರಾಂ ಬಾದಾಮಿಗೆ ಆಟ್‌ವಾಟರ್ ಲೆಕ್ಕದಲ್ಲಿ 170ರ ಆಸುಪಾಸು ಬರುತ್ತದೆ. ಅವರು ಅಳೆದಾಗ ನಿಜವಾಗಿ ದಕ್ಕಿದ್ದು 129 ಕಿಲೋಕ್ಯಾಲೊರಿ. ನಾವು ಎಷ್ಟೇ ಅಗಿದರೂ ಬಾದಾಮಿಯ ಜೀವಕೋಶಗಳೆಲ್ಲ ಒಡೆಯುವುದಿಲ್ಲ. ಒಡೆಯದ ಕೋಶದ ಗೋಡೆಯ ಒಳಗೆ ಎಣ್ಣೆ ಹಾಗೇ ಉಳಿದು ಮಲದಲ್ಲಿ ಹೊರಹೋಗುತ್ತದೆ.

“ಹಾಗಾದರೆ ರುಬ್ಬಿದರೆ?” ಎಂದು ಪಕ್ಕದವರು ಕೂಡಲೇ ಕೇಳಿದರು. ಒಳ್ಳೆಯ ಪ್ರಶ್ನೆ. ಅದೇ ತಂಡ ಆಮೇಲೆ ಅದನ್ನೂ ನೋಡಿದೆ. ನುಣ್ಣಗೆ ಅರೆದ ಬಾದಾಮಿ ಬೆಣ್ಣೆಯಲ್ಲಿ ಅಳೆದದ್ದಕ್ಕೂ 4, 9, 4ರ ಲೆಕ್ಕಕ್ಕೂ ವ್ಯತ್ಯಾಸ ಸಿಗಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಇಡೀ ಬಾದಾಮಿಗೂ, ಅರೆದದ್ದಕ್ಕೂ ಒಂದೇ ಉತ್ತರ ಬರೆಯಿಸಿ, ಪಟ್ಟಿಯಲ್ಲಿ ಗ್ರಾಂ ಒಂದೇ ಇದ್ದರೆ.